ಡಬ್ಬಿಗಳ ನಡುವಿನ ಲೆಕ್ಕ: ಕನ್ವಲ್ಯೂಷನ್ ಜಾಲದ ಚಿತ್ರವನ್ನು ಓದುವ ಬಗೆ

ಎಡತುದಿಯಲ್ಲೊಂದು ಚೌಕ, ಅದರೊಳಗೆ A ಅಕ್ಷರ. ಅದರ ಬಲಕ್ಕೆ ಒಂದರ ಹಿಂದೊಂದು ಜೋಡಿಸಿಟ್ಟ ಹಾಳೆಗಳಂಥ ಆರು ಚೌಕಗಳು. ಮುಂದೆ ಅಂಥವೇ ಆರು, ಆದರೆ ಪುಟ್ಟವು. ಆಮೇಲೆ ಹದಿನಾರು, ಮತ್ತೆ ಹದಿನಾರು, ಕೊನೆಗೆ ಮೂರು ಸಪೂರ ಪಟ್ಟಿಗಳು. ಯಾನ್ ಲೆಕುನ್, ಲಿಯಾನ್ ಬೊಟು, ಯೋಶುವಾ ಬೆಂಜಿಯೊ, ಪ್ಯಾಟ್ರಿಕ್ ಹಾಫ್ನರ್ 1998ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿರುವ ಲೆನೆಟ್-5ರ ಚಿತ್ರ ಇದು. ಕನ್ವಲ್ಯೂಷನ್ ಜಾಲಗಳ ಬಗ್ಗೆ ಓದಿದವರಲ್ಲಿ ಇದನ್ನು ನೋಡದವರು ಕಡಿಮೆ. ಆದರೆ ಇದರಲ್ಲಿರುವ 28 ಎಲ್ಲಿಂದ ಬಂತು, 14 ಯಾಕಾಯಿತು, 6 ಇದ್ದದ್ದು 16 ಆದದ್ದು ಹೇಗೆ ಎಂದು ಕೇಳಿದರೆ ತಡವರಿಸುವವರೇ ಹೆಚ್ಚು.

ಆ ತಡವರಿಕೆಗೆ ಕಾರಣವಿದೆ. ಈ ಚಿತ್ರಗಳು ನೋಡಲು ಯಂತ್ರದ ನಕ್ಷೆಯ ಹಾಗಿರುತ್ತವೆ. ಹಾಗಾಗಿ ಪ್ರತಿ ಡಬ್ಬಿಯೂ ಯಂತ್ರದ ಒಂದು ಭಾಗ ಎಂದುಕೊಳ್ಳುತ್ತೇವೆ. ಲೆನೆಟ್ ಮಾದರಿಯ ಚಿತ್ರದಲ್ಲಿ ಡಬ್ಬಿ ಯಂತ್ರವಲ್ಲ; ಆ ಹಂತದಲ್ಲಿ ಜಾಲದೊಳಗೆ ಇರುವ ಅಂಕಿಗಳ ರಾಶಿ, ಅಂದರೆ ಟೆನ್ಸರ್. ಕೆಲಸ ನಡೆಯುವುದು ಒಂದು ಡಬ್ಬಿಗೂ ಮತ್ತೊಂದಕ್ಕೂ ನಡುವಿನ ಖಾಲಿ ಜಾಗದಲ್ಲಿ. ಇಷ್ಟು ಗೊತ್ತಾದರೆ ಚಿತ್ರ ಓದುವುದೆಂದರೆ ಲೆಕ್ಕ ತಾಳೆ ನೋಡುವುದು ಎಂದಾಗುತ್ತದೆ. ಎಡಗಡೆಯ ಡಬ್ಬಿಯ ಅಳತೆಯಿಂದ ಬಲಗಡೆಯ ಡಬ್ಬಿಯ ಅಳತೆ ಬರಬೇಕು. ಬರದಿದ್ದರೆ ನಾವು ಏನನ್ನೋ ಬಿಟ್ಟಿದ್ದೇವೆ, ಇಲ್ಲವೇ ಚಿತ್ರ ಬರೆದವರೇ ಬಿಟ್ಟಿದ್ದಾರೆ. 1998ರಿಂದ 2015ರವರೆಗೆ ಹೆಸರಾದ ಕೆಲವು ಜಾಲಗಳ ಚಿತ್ರಗಳನ್ನು ಈ ಒಂದು ಪರೀಕ್ಷೆಗೆ ಒಡ್ಡಿದರೆ ಏನು ಕಾಣುತ್ತದೆ ಎಂಬುದೇ ಈ ಲೇಖನದ ವಿಷಯ.

ಮೊದಲ ಲೆಕ್ಕ: 32ರಿಂದ 5ರವರೆಗೆ

ಲೆನೆಟ್‌ಗೆ ಕೊಡುವ ಚಿತ್ರ 32×32 ಮನೆಗಳ ಚೌಕ, ಕಪ್ಪು ಬಿಳುಪು. ಅದರ ಮೇಲೆ 5×5 ಅಳತೆಯ ಒಂದು ಕಿಟಕಿಯನ್ನು ಒಂದೊಂದೇ ಮನೆ ಸರಿಸುತ್ತ ಹೋಗುತ್ತಾರೆ. ಈ ಕಿಟಕಿಯೇ ಫಿಲ್ಟರ್. ಅದು ನಿಂತ ಪ್ರತಿ ಜಾಗದಲ್ಲೂ ಕೆಳಗಿನ 25 ಅಂಕಿಗಳನ್ನು ತನ್ನ 25 ವೇಟ್‌ಗಳಿಂದ ಗುಣಿಸಿ, ಕೂಡಿ, ಒಂದು ಅಂಕಿ ಬರೆಯುತ್ತದೆ. 32 ಮನೆಗಳ ಸಾಲಿನಲ್ಲಿ 5 ಮನೆ ಅಗಲದ ಕಿಟಕಿ ಅಂಚು ದಾಟದೆ ನಿಲ್ಲಬಹುದಾದ ಜಾಗಗಳು 28. ಮೇಲಿಂದ ಕೆಳಕ್ಕೂ ಅಷ್ಟೇ. ಹೀಗೆ 28×28ರ ಒಂದು ಹಾಳೆ ಸಿದ್ಧವಾಗುತ್ತದೆ. ಇಂಥ ಆರು ಬೇರೆ ಬೇರೆ ಫಿಲ್ಟರ್‌ಗಳಿರುವುದರಿಂದ ಆರು ಹಾಳೆ. ಚಿತ್ರದಲ್ಲಿ `C1: feature maps 6@28x28` ಎಂದಿರುವುದರ ಅರ್ಥ ಇಷ್ಟೇ. ಒಂದೊಂದು ಹಾಳೆಯನ್ನೂ ಚಾನೆಲ್ ಎನ್ನುವುದು ಈಗಿನ ರೂಢಿ.

ಕಿಟಕಿ ಸರಿಯುವ ಹೆಜ್ಜೆಗೆ ಸ್ಟ್ರೈಡ್ ಎಂದೂ, ಅಂಚಿನ ಸುತ್ತ ಸೇರಿಸುವ ಸೊನ್ನೆಗಳ ಸಾಲಿಗೆ ಪ್ಯಾಡಿಂಗ್ ಎಂದೂ ಹೆಸರು. ಇವೆರಡನ್ನೂ ಸೇರಿಸಿಕೊಂಡರೆ ಸೂತ್ರ ಹೀಗಾಗುತ್ತದೆ:

```
out = floor((in + 2*pad - k) / stride) + 1
```

`k` ಎಂದರೆ ಕಿಟಕಿಯ ಅಗಲ, `floor` ಎಂದರೆ ಭಿನ್ನಾಂಶವನ್ನು ಕೈಬಿಡುವುದು. ಈ ಲೇಖನದ ಮುಂದಿನ ಭಾಗವೆಲ್ಲ ಈ ಒಂದು ಸಾಲಿನ ಮೇಲೆ ನಿಂತಿದೆ. ಅದರಲ್ಲೂ `floor` ಎಂಬ ಆ ಸಣ್ಣ ಪದ ಮುಂದೆ ನಮ್ಮನ್ನು ಕಾಡಲಿದೆ.

ಲೆನೆಟ್‌ನ ಮುಂದಿನ ಡಬ್ಬಿ `S2`, ಅಳತೆ 6@14×14. ನಡುವೆ ಬರೆದಿರುವ ಪದ ಸಬ್‌ಸ್ಯಾಂಪ್ಲಿಂಗ್. ಇಂದಿನ ಮಾತಿನಲ್ಲಿ ಪೂಲಿಂಗ್. 2×2 ಕಿಟಕಿ, ಹೆಜ್ಜೆಯೂ ಎರಡು. ಹಾಗಾಗಿ ಕಿಟಕಿಗಳು ಒಂದರ ಮೇಲೊಂದು ಬೀಳುವುದಿಲ್ಲ, ಅಗಲ ಎತ್ತರ ಎರಡೂ ಅರ್ಧವಾಗುತ್ತವೆ. ಹಾಳೆಗಳ ಸಂಖ್ಯೆ ಮಾತ್ರ ಆರೇ. ಪೂಲಿಂಗ್ ಒಂದೊಂದು ಹಾಳೆಯನ್ನೂ ಬೇರೆ ಬೇರೆಯಾಗಿಯೇ ಕುಗ್ಗಿಸುತ್ತದೆ, ಹಾಳೆಗಳನ್ನು ಬೆರೆಸುವುದಿಲ್ಲ. ಯಾವುದೇ ಚಿತ್ರದಲ್ಲಿ ಪೂಲಿಂಗ್ ಗುರುತಿಸಲು ಇದೇ ಸುಲಭದ ಕುರುಹು: ಮುಖ ಕುಗ್ಗಿದೆ, ದಪ್ಪ ಹಾಗೇ ಇದೆ.

ಮತ್ತೆ 5×5 ಕನ್ವಲ್ಯೂಷನ್: 14ರಿಂದ 10. ಹಾಳೆಗಳು ಈಗ 16. ಇಲ್ಲಿ ಹಲವರು ಎಡವುತ್ತಾರೆ. ಆರು ಹಾಳೆಗಳಿಂದ ಹದಿನಾರು ಹೇಗೆ ಹುಟ್ಟಿದವು, 16ನ್ನು 6ರಿಂದ ಭಾಗಿಸಿದರೆ ಪೂರ್ಣಾಂಕವೇ ಬರುವುದಿಲ್ಲವಲ್ಲ ಎಂಬುದು ಅವರ ಪ್ರಶ್ನೆ. ಭಾಗಿಸುವ ಅಗತ್ಯವೇ ಇಲ್ಲ. ಸಾಮಾನ್ಯವಾಗಿ ಫಿಲ್ಟರ್ ಒಳಬರುವ ಡಬ್ಬಿಯಷ್ಟೇ ದಪ್ಪವಿರುತ್ತದೆ. ಇಲ್ಲಿ 5×5×6 ಅಳತೆಯ ಒಂದು ಫಿಲ್ಟರ್ ಆರೂ ಹಾಳೆಗಳನ್ನು ಒಟ್ಟಿಗೆ ನೋಡಿ ಒಂದು ಹಾಳೆ ಕೊಡುತ್ತದೆ. ಹದಿನಾರು ಹಾಳೆ ಬೇಕಿದ್ದರೆ ಹದಿನಾರು ಫಿಲ್ಟರ್ ಇಡಬೇಕು, ಅಷ್ಟೇ. ಹಾಗಿದ್ದರೆ 16 × (150 + 1), ಅಂದರೆ 2,416 ಪ್ಯಾರಾಮೀಟರ್‌ಗಳಾಗಬೇಕು. ಪ್ರಬಂಧದಲ್ಲಿರುವುದು 1,516. ಲೆಕುನ್ ತಂಡ ಎಲ್ಲವನ್ನೂ ಎಲ್ಲಕ್ಕೂ ಜೋಡಿಸಿರಲಿಲ್ಲ. ಆರು ಫಿಲ್ಟರ್‌ಗಳು ಮೂರು ಹಾಳೆಗಳನ್ನಷ್ಟೇ ನೋಡುತ್ತವೆ, ಒಂಬತ್ತು ಫಿಲ್ಟರ್‌ಗಳು ನಾಲ್ಕನ್ನು, ಕೊನೆಯದೊಂದು ಮಾತ್ರ ಆರನ್ನೂ. ಈ ಜೋಡಣೆ ಪ್ರಬಂಧದ ಪ್ರತ್ಯೇಕ ಕೋಷ್ಟಕದಲ್ಲಿದೆ. ಚಿತ್ರದಲ್ಲಿ ಇದರ ಸುಳಿವೂ ಇಲ್ಲ. ಡಬ್ಬಿಯ ಅಳತೆ ಮಾತ್ರ ಎರಡೂ ರೀತಿಯಲ್ಲಿ ಒಂದೇ.

ಆಮೇಲೆ ಪೂಲಿಂಗ್‌ನಿಂದ 16@5×5. ಅದರ ಮೇಲೆ 5×5 ಕಿಟಕಿ ನಿಲ್ಲಲು ಒಂದೇ ಒಂದು ಜಾಗ, ಹಾಗಾಗಿ ಮುಂದಿನದು 120 ಅಂಕಿಗಳ ಪಟ್ಟಿ. ನಂತರ 84, ಕೊನೆಗೆ 10. ಲೆಕ್ಕ ತಾಳೆಯಾಯಿತು.

ಪೂಲಿಂಗ್ ಏನನ್ನು ಇಟ್ಟುಕೊಳ್ಳುತ್ತದೆ

ಒಂದು ಹಾಳೆಯ ಮೂಲೆಯ 4×4 ಮನೆಗಳನ್ನು ಹತ್ತಿರದಿಂದ ನೋಡೋಣ:

```
1 3 | 2 0
5 2 | 1 1
----+----
0 0 | 4 6
1 2 | 3 8
```

ಈಗ ಹೆಚ್ಚು ಬಳಕೆಯಲ್ಲಿರುವ ಮ್ಯಾಕ್ಸ್ ಪೂಲಿಂಗ್ ಪ್ರತಿ ನಾಲ್ಕು ಮನೆಗಳಲ್ಲಿ ದೊಡ್ಡದನ್ನು ಉಳಿಸಿಕೊಳ್ಳುತ್ತದೆ: 5, 2, 2, 8. ಸರಾಸರಿ ಪೂಲಿಂಗ್ ಆದರೆ 2.75, 1, 0.75, 5.25. ಲೆನೆಟ್ ಮಾಡಿದ್ದು ಇವೆರಡೂ ಅಲ್ಲ. ಅದು ನಾಲ್ಕನ್ನೂ ಕೂಡಿ, ಕಲಿತ ಒಂದು ಅಂಕಿಯಿಂದ ಗುಣಿಸಿ, ಇನ್ನೊಂದು ಅಂಕಿ ಸೇರಿಸಿ, ಸಿಗ್ಮಾಯ್ಡ್‌ನಲ್ಲಿ ಹಾಯಿಸುತ್ತಿತ್ತು. ಹಾಳೆಗೆ ಎರಡರಂತೆ ಆರು ಹಾಳೆಗೆ 12 ಪ್ಯಾರಾಮೀಟರ್. ಇಂದಿನ ಮ್ಯಾಕ್ಸ್ ಪೂಲಿಂಗ್‌ನಲ್ಲಿ ಕಲಿಯುವಂಥದ್ದು ಏನೂ ಇಲ್ಲ.

ಮೇಲಿನ ಚೌಕದಲ್ಲಿ 5 ಎಂಬುದು ಎಡಗಡೆ ಕೆಳಗಿನ ಮನೆಯಲ್ಲಿತ್ತು. ಅದು ಪಕ್ಕದ ಮನೆಗೆ ಸರಿದಿದ್ದರೂ ಉತ್ತರ 5 ಆಗಿಯೇ ಇರುತ್ತಿತ್ತು. ಗೆರೆಯೊಂದು ಇಲ್ಲೆಲ್ಲೋ ಇದೆ ಎಂಬ ಸುದ್ದಿ ಉಳಿಯಿತು, ಯಾವ ಮನೆಯಲ್ಲಿದೆ ಎಂಬುದು ಅಳಿಯಿತು. ಚಿತ್ರದಲ್ಲಿ ಎಡದಿಂದ ಬಲಕ್ಕೆ ಡಬ್ಬಿಯ ಮುಖ ಕಿರಿದಾಗುತ್ತ, ದಪ್ಪ ಹೆಚ್ಚುತ್ತ ಹೋಗುವುದರ ಅರ್ಥ ಇದೇ. ಎಲ್ಲಿದೆ ಎಂಬುದರ ನಿಖರತೆ ಬಿಟ್ಟುಕೊಟ್ಟು ಏನಿದೆ ಎಂಬುದರ ವಿವರ ಕೊಂಡುಕೊಳ್ಳುವ ವ್ಯಾಪಾರ ಅದು. ಆದರೆ 5 ಇದ್ದ ಮನೆ ಗಡಿಗೆರೆ ದಾಟಿ ಪಕ್ಕದ ಗುಂಪಿಗೆ ಸರಿದರೆ ಉತ್ತರ ಬದಲಾಗುತ್ತದೆ. ಚಿತ್ರ ಸ್ವಲ್ಪ ಸರಿದರೂ ಜಾಲಕ್ಕೆ ವ್ಯತ್ಯಾಸವಾಗದು ಎಂಬ ಮಾತು ಈ ಗಡಿಯ ಒಳಗೆ ಮಾತ್ರ ನಿಜ.

ಅಲೆಕ್ಸ್‌ನೆಟ್: ತಾಳೆಯಾಗದ ಅಂಕಿಗಳು

2012ರ ಅಲೆಕ್ಸ್‌ನೆಟ್ ಚಿತ್ರದ ಹತ್ತಿರ ಬಂದರೆ ನಮ್ಮ ಪರೀಕ್ಷೆ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತದೆ. ಅಲೆಕ್ಸ್ ಕ್ರಿಷೆವ್‌ಸ್ಕಿ, ಇಲ್ಯಾ ಸುಟ್ಸ್‌ಕೆವರ್, ಜೆಫ್ರಿ ಹಿಂಟನ್ ಅವರ ಪ್ರಬಂಧ ಒಳಬರುವ ಚಿತ್ರ 224×224×3 ಎನ್ನುತ್ತದೆ. ಫಿಲ್ಟರ್ 11×11, ಹೆಜ್ಜೆ 4. ಮುಂದಿನ ಡಬ್ಬಿ 55×55. ಸೂತ್ರಕ್ಕೆ ಹಾಕಿ: 224ರಿಂದ 11 ಕಳೆದರೆ 213, ನಾಲ್ಕರಿಂದ ಭಾಗಿಸಿದರೆ 53.25, ಭಿನ್ನ ಬಿಟ್ಟು ಒಂದು ಸೇರಿಸಿದರೆ 54. 55 ಬರುವುದಿಲ್ಲ. 227×227 ಎಂದುಕೊಂಡರೆ ಸರಿಯಾಗಿ 55 ಬರುತ್ತದೆ. ಇಲ್ಲವೇ 224ಕ್ಕೆ ಎರಡೂ ಕಡೆ ಎರಡೆರಡು ಸಾಲು ಸೊನ್ನೆ ಸೇರಿಸಿದರೆ 54.25ರ ಭಿನ್ನ ಬಿಟ್ಟು ಒಂದು ಕೂಡಿ 55 ಆಗುತ್ತದೆ. ಆಮೇಲೆ ಈ ಜಾಲವನ್ನು ಮತ್ತೆ ಕಟ್ಟಿದವರಲ್ಲಿ ಕೆಲವರು ಮೊದಲ ದಾರಿ ಹಿಡಿದರು, ಕೆಲವರು ಎರಡನೆಯದನ್ನು. ಅಲೆಕ್ಸ್‌ನೆಟ್ ಎಂಬ ಒಂದೇ ಹೆಸರಿನಡಿ ಒಂದು ಕಡೆ 227, ಇನ್ನೊಂದು ಕಡೆ 224 ಕಾಣುವುದರ ಗುಟ್ಟು ಇದು.

ಅದೇ ಚಿತ್ರದ ಕೆಳಗೆ ಪ್ರತಿ ಪದರದ ನ್ಯೂರಾನ್‌ಗಳ ಲೆಕ್ಕವಿದೆ. ಎರಡನೆಯ ಪದರಕ್ಕೆ 1,86,624 ಎಂದಿದೆ. 27×27×256 ಗುಣಿಸಿದರೆ ಅಷ್ಟೇ ಬರುತ್ತದೆ. ಮೊದಲ ಪದರಕ್ಕೆ ಇರುವುದು 2,53,440. ಆದರೆ 55×55×96 ಎಂದರೆ 2,90,400. ಮುದ್ರಿತ ಅಂಕಿಯನ್ನು 96ರಿಂದ ಭಾಗಿಸಿದರೆ 2,640, ಅದು 55×48. ಚಿತ್ರದಲ್ಲಿ ಆ ಡಬ್ಬಿಯ ಮೇಲೆ 48 ಎಂಬ ಅಂಕಿಯೂ ಇದೆ, ಆದರೆ ಅದು ಎತ್ತರವಲ್ಲ. 96 ಹಾಳೆಗಳನ್ನು ಎರಡು ಜಿಪಿಯುಗಳಿಗೆ ಹಂಚಿದ್ದರಿಂದ ಒಂದೊಂದರ ಪಾಲಿಗೆ ಬಂದ ದಪ್ಪ. ಸಾವಿರಾರು ಮಂದಿ ಓದಿದ ಪ್ರಬಂಧದಲ್ಲೂ ಇಂಥದ್ದು ಉಳಿದುಕೊಳ್ಳುತ್ತದೆ. ಚಿತ್ರದ ಅಂಕಿಯನ್ನು ನಂಬುವ ಮುಂಚೆ ಒಮ್ಮೆ ಗುಣಿಸಿ ನೋಡಬೇಕು.

ಇನ್ನೊಂದು ತೊಡಕು, ಬರೆಯದೇ ಬಿಟ್ಟ ಡಬ್ಬಿಗಳದ್ದು. ಈ ಚಿತ್ರದಲ್ಲಿ 55ರ ಡಬ್ಬಿಯ ನಂತರ ನೇರವಾಗಿ 27ರದ್ದು ಬರುತ್ತದೆ. ಎರಡರ ನಡುವೆ ನಡೆದಿರುವುದು ಎರಡು ಕೆಲಸ: 3×3 ಕಿಟಕಿ, ಎರಡರ ಹೆಜ್ಜೆಯ ಮ್ಯಾಕ್ಸ್ ಪೂಲಿಂಗ್‌ನಿಂದ 55 ಎಂಬುದು 27 ಆಯಿತು, ಆಮೇಲೆ ಪ್ಯಾಡಿಂಗ್ ಇರುವ 5×5 ಕನ್ವಲ್ಯೂಷನ್‌ನಿಂದ 27 ಹಾಗೇ ಉಳಿದು ಹಾಳೆಗಳು 256 ಆದವು. ಪೂಲಿಂಗ್ ಮುಗಿದ ಘಳಿಗೆಯ 27×27×96ರ ಡಬ್ಬಿಯನ್ನು ಯಾರೂ ಬರೆದಿಲ್ಲ. ಕೊನೆಯಲ್ಲೂ ಹಾಗೆಯೇ. 13×13ರ ಡಬ್ಬಿಯಿಂದ ಪೂಲಿಂಗ್ ಮೂಲಕ 6×6×256 ಬರುತ್ತದೆ, ಅದನ್ನು ಬಿಡಿಸಿ ಒಂದೇ ಸಾಲು ಮಾಡಿದರೆ 9,216 ಅಂಕಿ. ಈ ಜಾಲವನ್ನು ಕೋಡ್‌ನಲ್ಲಿ ಬರೆಯುವವರಿಗೆ ಮೊದಲು ಬೇಕಾಗುವುದು ಈ 9,216. ಚಿತ್ರದಲ್ಲಿ ಅದು ಇಲ್ಲ. ನಾವೇ ಲೆಕ್ಕ ಹಾಕಿಕೊಳ್ಳಬೇಕು.

ಭಿನ್ನಾಂಶ ಎಲ್ಲಿಗೆ ಹೋಗುತ್ತದೆ

ಈಗ `floor` ಕಥೆ. ಇದನ್ನು ಚಿಕ್ಕ ಜಾಲದಲ್ಲಿ ನೋಡುವುದು ಸುಲಭ. ಕೈಬರಹದ ಅಂಕಿಗಳ ಎಂನಿಸ್ಟ್ ಸಂಗ್ರಹದ ಚಿತ್ರಗಳು 28×28. ಕನ್ನಡದ ೦ಯಿಂದ ೯ರವರೆಗಿನ ಕೈಬರಹವನ್ನು ಕೂಡಿಹಾಕಿ 2019ರಲ್ಲಿ ಪ್ರಕಟಿಸಿದ `Kannada-MNIST` ಸಂಗ್ರಹಕ್ಕೂ ಬೇಕೆಂದೇ ಅದೇ ಆಕಾರ: 28×28, ಕಲಿಕೆಗೆ 60,000, ಪರೀಕ್ಷೆಗೆ 10,000 ಚಿತ್ರ. ಆದ್ದರಿಂದ ಒಂದಕ್ಕೆ ಬರೆದ ಜಾಲ ಇನ್ನೊಂದಕ್ಕೂ ಹೊಂದುತ್ತದೆ. ಕಲಿಯುವವರು ಹೆಚ್ಚಾಗಿ ಬರೆಯುವ ಜಾಲ ಹೀಗಿರುತ್ತದೆ: 3×3 ಕನ್ವಲ್ಯೂಷನ್ 32 ಫಿಲ್ಟರ್, 2×2 ಪೂಲಿಂಗ್, 3×3 ಕನ್ವಲ್ಯೂಷನ್ 64 ಫಿಲ್ಟರ್, 2×2 ಪೂಲಿಂಗ್, ಕೊನೆಗೆ ಹತ್ತು ಉತ್ತರ.

28 ಎಂಬುದು 26, ಅರ್ಧ 13, ಮತ್ತೆ ಕನ್ವಲ್ಯೂಷನ್‌ನಿಂದ 11. ಅದರ ಅರ್ಧ ಐದೂವರೆ. 5 ಎಂದುಕೊಳ್ಳುವುದೋ 6 ಎಂದುಕೊಳ್ಳುವುದೋ? 6 ಎಂದು ಊಹಿಸಿ ಕೊನೆಯ ಪದರಕ್ಕೆ 6×6×64, ಅಂದರೆ 2,304 ಎಂದು ಬರೆದವರಿಗೆ ಪೈಟಾರ್ಚ್ ಹೀಗೆ ಹೇಳುತ್ತದೆ:

```
RuntimeError: mat1 and mat2 shapes cannot be multiplied (32x1600 and 2304x10)
```

ಈ ಸಾಲನ್ನೂ ಚಿತ್ರದ ಹಾಗೆಯೇ ಓದಬೇಕು. ಮೊದಲ 32 ಎಂಬುದು ಒಮ್ಮೆಗೆ ಕಳಿಸಿದ ಚಿತ್ರಗಳ ಸಂಖ್ಯೆ. 1600 ನಿಜವಾಗಿ ಬಂದದ್ದು. 64ರಿಂದ ಭಾಗಿಸಿದರೆ 25, ಅಂದರೆ 5×5. 2304 ನಾವು ಹೇಳಿದ್ದು. ಭಾಗಿಸಿದರೆ 36, ಅಂದರೆ 6×6. ತಪ್ಪು ಎಲ್ಲಿದೆ ಎಂದು ಈ ಎರಡು ಭಾಗಾಕಾರಗಳೇ ತೋರಿಸುತ್ತವೆ: ಕೊನೆಯ ಪೂಲಿಂಗ್‌ನಲ್ಲಿ.

ಈ ತಪ್ಪು ಕೂಗಿ ಹೇಳುತ್ತದೆ, ಸರಿಪಡಿಸಬಹುದು. ಆದರೆ 5 ಎಂದು ಸರಿಯಾಗಿ ಬರೆದಾಗ ನಡೆಯುವ ನಷ್ಟ ಮೌನವಾಗಿರುತ್ತದೆ. 11 ಸಾಲುಗಳಲ್ಲಿ ಎರಡೆರಡರಂತೆ ಹತ್ತು ಮುಗಿದು ಹನ್ನೊಂದನೆಯದು ಯಾರಿಗೂ ಸೇರದೆ ಉಳಿಯಿತು. ಜಾಲ ಅದನ್ನು ಬಿಸಾಡಿತು. ಉಳಿದ ಹತ್ತು ಸಾಲುಗಳು ಮೂಲ ಚಿತ್ರದಲ್ಲಿ ಎಲ್ಲಿಯವರೆಗೆ ನೋಡುತ್ತವೆ ಎಂದು ಹಿಂದಕ್ಕೆ ಲೆಕ್ಕ ಹಾಕಿದರೆ ವಿಷಯ ಬಯಲಾಗುತ್ತದೆ. ಹತ್ತನೆಯ ಸಾಲು 13ರ ಹಾಳೆಯಲ್ಲಿ 10ರಿಂದ 12ನೆಯ ಸಾಲುಗಳನ್ನು ನೋಡುತ್ತದೆ. ಆ 12ನೆಯದು 26ರ ಹಾಳೆಯ 23 ಮತ್ತು 24ನೆಯ ಸಾಲುಗಳಿಂದ ಬಂದದ್ದು. 24ನೆಯದು ಮೂಲ ಚಿತ್ರದ 24ರಿಂದ 26ನೆಯ ಸಾಲುಗಳನ್ನು ನೋಡುತ್ತದೆ. ಅಲ್ಲಿಗೆ ಮುಗಿಯಿತು. ಮೂಲ ಚಿತ್ರದ 27 ಮತ್ತು 28ನೆಯ ಸಾಲುಗಳಲ್ಲಿ ಏನಿದ್ದರೂ ಅದು ಉತ್ತರವನ್ನು ಮುಟ್ಟುವುದೇ ಇಲ್ಲ. ಬಲಗಡೆಯ ಕೊನೆಯ ಎರಡು ಕಂಬಸಾಲುಗಳ ಗತಿಯೂ ಅದೇ.

ಎಂನಿಸ್ಟ್‌ನಲ್ಲಿ ಅಂಕಿಯನ್ನು 20×20ರೊಳಗೆ ಕೂರಿಸಿ 28×28ರ ನಡುವೆ ಇಟ್ಟಿರುವುದರಿಂದ ಅಂಚು ಸಾಮಾನ್ಯವಾಗಿ ಖಾಲಿ; ಹಾಗಾಗಿ ಈ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಅದೇ ಜಾಲವನ್ನು ಅಂಚಿನಲ್ಲೂ ಮಾಹಿತಿಯಿರುವ ಚಿತ್ರಗಳಿಗೆ ಬಳಸಿದರೆ ಬಲ ಅಂಚು ಮತ್ತು ಕೆಳ ಅಂಚು ಕಾಣದ ಜಾಲ ನಮ್ಮ ಕೈಯಲ್ಲಿರುತ್ತದೆ. ಪತ್ತೆ ಹಚ್ಚುವ ಉಪಾಯ ಸರಳ: ಕೊನೆಯ ಎರಡು ಸಾಲುಗಳಿಗೆ ಬೇರೆ ಅಂಕಿ ತುಂಬಿ ಮತ್ತೆ ಕಳಿಸಿ. ಉತ್ತರ ಒಂದಿಷ್ಟೂ ಬದಲಾಗದಿದ್ದರೆ ಜಾಲ ಅದನ್ನು ನೋಡುತ್ತಿಲ್ಲ.

ಎಲ್ಲ ಸಾಫ್ಟ್‌ವೇರ್‌ಗಳೂ ಭಿನ್ನಾಂಶವನ್ನು ಬಿಡುವುದಿಲ್ಲ. ಕೆಫೆ ಎಂಬ ಹಳೆಯ ಸಾಫ್ಟ್‌ವೇರ್ ಕನ್ವಲ್ಯೂಷನ್‌ನಲ್ಲಿ ಕೆಳಕ್ಕೆ, ಪೂಲಿಂಗ್‌ನಲ್ಲಿ ಮೇಲಕ್ಕೆ ಪೂರ್ಣಾಂಕ ಮಾಡುತ್ತಿತ್ತು. 2014ರ ಗೂಗ್ಲ್‌ನೆಟ್‌ನ ಕೋಷ್ಟಕದಲ್ಲಿ 112ರ ಹಾಳೆ 3×3, ಎರಡರ ಹೆಜ್ಜೆಯ ಪೂಲಿಂಗ್‌ನಿಂದ 56 ಆಗುತ್ತದೆ. ಪ್ಯಾಡಿಂಗ್ ಇಲ್ಲದೆ ನಮ್ಮ ಸೂತ್ರ ಕೊಡುವುದು 55. ಭಿನ್ನವನ್ನು ಮೇಲಕ್ಕೆ ಏರಿಸಿದರೆ 56. ಪೈಟಾರ್ಚ್‌ನಲ್ಲಿ ಇದನ್ನೇ ಬೇಕಿದ್ದರೆ `ceil_mode=True` ಎಂದು ಕೇಳಬೇಕು. ಚಿತ್ರದಲ್ಲಿ ಪೂಲಿಂಗ್ ಡಬ್ಬಿಯ ಅಳತೆ ಒಂದರಷ್ಟು ಹೆಚ್ಚು ಕಂಡರೆ ಮೊದಲು ಅನುಮಾನಿಸಬೇಕಾದ್ದು ಇದನ್ನು.

ದೊಡ್ಡ ಡಬ್ಬಿ, ಸಣ್ಣ ತೂಕ

2014ರಲ್ಲೇ ಆಕ್ಸ್‌ಫರ್ಡ್‌ನ ಕರೆನ್ ಸಿಮೊನ್ಯಾನ್ ಮತ್ತು ಆಂಡ್ರ್ಯೂ ಜಿಸ್ಸರ್‌ಮನ್ ಕೊಟ್ಟ ವಿಜಿಜಿ-16 ಓದಲು ತೀರ ಸಲೀಸು. ಕನ್ವಲ್ಯೂಷನ್‌ಗಳೆಲ್ಲ 3×3, ಸುತ್ತ ಒಂದು ಸಾಲು ಸೊನ್ನೆ. ಹಾಗಾಗಿ ಅವು ಅಗಲ ಎತ್ತರ ಬದಲಿಸುವುದಿಲ್ಲ. ಕುಗ್ಗಿಸುವ ಕೆಲಸವೆಲ್ಲ ಐದು ಪೂಲಿಂಗ್‌ಗಳದ್ದೇ: 224, 112, 56, 28, 14, 7. ಹಾಳೆಗಳು 64, 128, 256, 512, ಮತ್ತೆ 512. ಭಿನ್ನದ ತಂಟೆಯೇ ಇಲ್ಲ.

ಆದರೆ ಈ ಜಾಲವನ್ನು ಮೂರು ಆಯಾಮದ ಡಬ್ಬಿಗಳಾಗಿ ಬರೆದ ಚಿತ್ರಗಳು ಕಣ್ಣಿಗೆ ಬೇರೊಂದು ಮೋಸ ಮಾಡುತ್ತವೆ. ಎಡಗಡೆಯ ಭಾರೀ ಡಬ್ಬಿ 224×224×64, ಅದರಲ್ಲಿ 32,11,264 ಅಂಕಿಗಳು. ಜಾಲದ ಭಾರವೆಲ್ಲ ಇಲ್ಲೇ ಇದೆ ಅನ್ನಿಸುತ್ತದೆ. ಆ ಡಬ್ಬಿಯನ್ನು ಹುಟ್ಟಿಸಿದ ಮೊದಲ ಪದರದ ಪ್ಯಾರಾಮೀಟರ್‌ಗಳು 1,792 ಮಾತ್ರ. ಬಲಗಡೆ ಸಣ್ಣ 7×7×512 ಡಬ್ಬಿಯಲ್ಲಿ 25,088 ಅಂಕಿಗಳಿವೆ, ಅದರ ಪಕ್ಕದಲ್ಲಿ 4,096ರ ಸಪೂರ ಪಟ್ಟಿ. ಇವೆರಡರ ನಡುವಿನ ಒಂದು ಸಣ್ಣ ಬಾಣದೊಳಗೆ 10 ಕೋಟಿ 27 ಲಕ್ಷಕ್ಕೂ ಹೆಚ್ಚು ವೇಟ್‌ಗಳು ಅಡಗಿವೆ. ಇಡೀ ಜಾಲದ್ದು ಸುಮಾರು 13 ಕೋಟಿ 80 ಲಕ್ಷ. ಡಬ್ಬಿಯ ಗಾತ್ರ ಹೇಳುವುದು ಚಿತ್ರ ಸಾಗುವಾಗ ಮೆಮೊರಿ ಎಷ್ಟು ಬೇಕು ಎಂಬುದನ್ನು. ಕಲಿತದ್ದು ಎಷ್ಟು ಎಂಬುದು ಬಾಣದಲ್ಲಿದೆ, ಬಾಣಕ್ಕೆ ಗಾತ್ರವಿಲ್ಲ.

7×7 ಎಂದ ಕೂಡಲೇ ಮೂಲ ಚಿತ್ರವನ್ನು 49 ತುಂಡು ಮಾಡಿ ಒಂದೊಂದು ಮನೆ ಒಂದೊಂದು 32×32 ತುಂಡನ್ನು ನೋಡುತ್ತದೆ ಎಂದುಕೊಳ್ಳುವುದೂ ಉಂಟು. ಅಕ್ಕಪಕ್ಕದ ಎರಡು ಮನೆಗಳ ನೋಟಗಳು ಮೂಲ ಚಿತ್ರದಲ್ಲಿ 32 ಪಿಕ್ಸೆಲ್ ದೂರದಲ್ಲಿರುವುದು ನಿಜ. ಆದರೆ ಒಂದೊಂದು ಮನೆಯೂ ನೋಡುವ ಹರವು 212 ಪಿಕ್ಸೆಲ್ ಅಗಲ. ಆ ನೋಟಗಳು ಒಂದರ ಮೇಲೊಂದು ಬಹಳಷ್ಟು ಹಾಸಿಕೊಂಡಿವೆ. ಈ ಹರವನ್ನು ಯಾವ ಡಬ್ಬಿಯ ಅಳತೆಯೂ ಹೇಳುವುದಿಲ್ಲ, ಹಿಂದಿನಿಂದ ಕೂಡಿಕೊಂಡು ಬರಬೇಕು.

ಡಬ್ಬಿಯ ಅರ್ಥವೇ ಬದಲಾದಾಗ

2015ರಲ್ಲಿ ಕೈಮಿಂಗ್ ಹೆ ಮತ್ತು ಸಂಗಡಿಗರು ರೆಸ್‌ನೆಟ್ ತಂದರು. ಅದರ ಚಿತ್ರ ನೋಡಿದಾಗ ಇಲ್ಲಿಯವರೆಗಿನ ನಮ್ಮ ರೂಢಿ ತಲೆಕೆಳಗಾಗುತ್ತದೆ. ಇಲ್ಲಿ ಡಬ್ಬಿಯ ಮೇಲೆ `3x3 conv, 128, /2` ಎಂದಿರುತ್ತದೆ. ಅಂದರೆ ಡಬ್ಬಿ ಈಗ ಕೆಲಸ. ಟೆನ್ಸರ್ ಬಾಣದಲ್ಲಿ ಹರಿಯುತ್ತದೆ. ಡಬ್ಬಿಗಳೆಲ್ಲ ಒಂದೇ ಗಾತ್ರ, ಅಳತೆ ಪಕ್ಕದಲ್ಲಿ ಪ್ರತ್ಯೇಕವಾಗಿ ಬರೆದಿದೆ. ಯಾವುದೇ ಹೊಸ ಚಿತ್ರ ಕೈಗೆ ಬಂದಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಡಬ್ಬಿಯ ಮೇಲೆ ಇರುವುದು ನಾಮಪದವೋ ಕ್ರಿಯಾಪದವೋ? ಅಳತೆ ಮಾತ್ರ ಇದ್ದರೆ ಅದು ಟೆನ್ಸರ್. ಮಾಡುವ ಕೆಲಸದ ಹೆಸರಿದ್ದರೆ ಅದು ಪದರ.

`/2` ಎಂಬ ಪುಟ್ಟ ಗುರುತು ಇಲ್ಲಿ ಪೂಲಿಂಗ್‌ನ ಹೊಣೆ ಹೊತ್ತಿದೆ. ರೆಸ್‌ನೆಟ್-34ರಲ್ಲಿ ಪೂಲಿಂಗ್ ಎಂಬ ಹೆಸರಿನ ಡಬ್ಬಿ ಮೊದಲಲ್ಲೊಂದು, ಕೊನೆಯಲ್ಲೊಂದು. ನಡುವೆ 56ರಿಂದ 28, 14, 7 ಎಂದು ಕುಗ್ಗಿಸುವುದು ಎರಡರ ಹೆಜ್ಜೆ ಇಡುವ ಕನ್ವಲ್ಯೂಷನ್. ಅದರಿಂದ ಮುಖ ಅರ್ಧವಾಗುವುದೂ ಹಾಳೆಗಳು ದ್ವಿಗುಣವಾಗುವುದೂ ಒಂದೇ ಏಟಿಗೆ ನಡೆಯುತ್ತವೆ. ಸರಿಯಾಗಿ ಅಲ್ಲೇ ಪಕ್ಕದಿಂದ ಬಳಸಿ ಬರುವ ಬಾಣ ಚುಕ್ಕೆ ಚುಕ್ಕೆಯಾಗಿರುತ್ತದೆ. ಅಲಂಕಾರಕ್ಕೆ ಹಾಗೆ ಬರೆದದ್ದಲ್ಲ. 56×56×64ನ್ನು 28×28×128ಕ್ಕೆ ಕೂಡಲು ಬರುವುದಿಲ್ಲ, ಆ ಬಳಸುದಾರಿಯಲ್ಲೂ ಆಕಾರ ಬದಲಿಸಬೇಕು ಎಂಬ ಎಚ್ಚರಿಕೆ ಅದು.

ಕೊನೆಯ ಪೂಲಿಂಗ್ 7×7ರ ಒಂದೊಂದು ಹಾಳೆಯನ್ನೂ ಸರಾಸರಿ ತೆಗೆದು ಒಂದೊಂದೇ ಅಂಕಿ ಮಾಡುತ್ತದೆ. 2013ರಲ್ಲಿ ನೆಟ್‌ವರ್ಕ್ ಇನ್ ನೆಟ್‌ವರ್ಕ್ ಎಂಬ ಪ್ರಬಂಧ ತೋರಿಸಿದ ದಾರಿ ಇದು. 7×7×512 ಇದ್ದದ್ದು 512 ಅಂಕಿಗಳಾಗುತ್ತದೆ. ಮುಂದಿನ ಸಾವಿರ ಉತ್ತರಗಳಿಗೆ 5,12,000 ವೇಟ್ ಸಾಕು. ವಿಜಿಜಿಯ ಬಾಣದಲ್ಲಿದ್ದ ಹತ್ತು ಕೋಟಿಯನ್ನು ನೆನಪಿಸಿಕೊಂಡರೆ ಈ ಒಂದು ಪೂಲಿಂಗ್‌ನ ಬೆಲೆ ತಿಳಿಯುತ್ತದೆ.

ಇಳಿದು ಹತ್ತುವ ದಾರಿ

ಪೂಲಿಂಗ್ ಕಳೆದ ಜಾಗದ ಸುದ್ದಿ ಮತ್ತೆ ಬೇಕಾದರೆ? ಸೂಕ್ಷ್ಮದರ್ಶಕದ ಚಿತ್ರದಲ್ಲಿ ಯಾವ ಪಿಕ್ಸೆಲ್ ಜೀವಕೋಶದ್ದು, ಯಾವುದು ಅಲ್ಲ ಎಂದು ಗುರುತಿಸಲು ಓಲಾಫ್ ರೊನೆಬರ್ಗರ್ ಮತ್ತು ಸಂಗಡಿಗರು 2015ರಲ್ಲಿ ರಚಿಸಿದ ಯು-ನೆಟ್ ಚಿತ್ರ ಇದಕ್ಕೆ ಉತ್ತರ. ಅಕ್ಷರದ ಆಕಾರದಲ್ಲೇ ಅದು ಎಡದಲ್ಲಿ ಇಳಿದು ಬಲದಲ್ಲಿ ಹತ್ತುತ್ತದೆ. ಡಬ್ಬಿಯ ತಲೆಯ ಮೇಲೆ ಹಾಳೆಗಳ ಸಂಖ್ಯೆ, ಎಡ ಅಂಚಿನ ಕೆಳಗೆ ಅಗಲ ಎತ್ತರ, ಬಾಣದ ಬಣ್ಣಕ್ಕೊಂದು ಕೆಲಸ, ಕೆಂಪು ಎಂದರೆ ಪೂಲಿಂಗ್. ಇಲ್ಲಿ ಪರೀಕ್ಷಿಸಿದ ಚಿತ್ರಗಳಲ್ಲಿ ಇದರಷ್ಟು ಪ್ರಾಮಾಣಿಕವಾದದ್ದು ಬೇರೆ ಇಲ್ಲ.

ಒಳಗೆ 572×572, ಹೊರಗೆ 388×388. ಕನ್ವಲ್ಯೂಷನ್‌ಗಳಿಗೆ ಪ್ಯಾಡಿಂಗ್ ಇಲ್ಲದ್ದರಿಂದ ಪ್ರತಿ ಹಂತದಲ್ಲೂ ಎರಡು ಕನ್ವಲ್ಯೂಷನ್‌ಗಳು ನಾಲ್ಕು ಸಾಲು ತಿನ್ನುತ್ತವೆ. 572 ಎಂಬುದು 568, ಅರ್ಧ 284, ಅದು 280, ಅರ್ಧ 140, 136, ಅರ್ಧ 68, 64, ಅರ್ಧ 32, ತಳದಲ್ಲಿ 28. ಹತ್ತುವಾಗ 28 ದ್ವಿಗುಣವಾಗಿ 56. ಎಡಗಡೆ ಅದೇ ಮಟ್ಟದಲ್ಲಿರುವುದು 64. ಹಾಗಾಗಿ ಅಡ್ಡಬಾಣದ ಹೆಸರು ನಕಲು ಮತ್ತು ಕತ್ತರಿ: 64ರ ಅಂಚು ಕತ್ತರಿಸಿ 56 ಮಾಡಿ ಪಕ್ಕದಲ್ಲಿ ಜೋಡಿಸುತ್ತಾರೆ.

ಆದರೆ 572 ಎಂಬ ವಿಚಿತ್ರ ಸಂಖ್ಯೆಯೇ ಯಾಕೆ? ಕಂಪ್ಯೂಟರಿನವರಿಗೆ ಪ್ರಿಯವಾದ 512 ಇಟ್ಟು ನೋಡಿ. 508, ಅರ್ಧ 254. 250, ಅರ್ಧ 125. 121, ಮತ್ತೆ ಅರ್ಧವಾಗದು. ಮೂರನೆಯ ಪೂಲಿಂಗ್‌ನಲ್ಲಿ ಬೆಸಸಂಖ್ಯೆ ಎದುರಾಗಿ ಒಂದು ಸಾಲು ಉದುರುತ್ತದೆ. ಪ್ರತಿ ಪೂಲಿಂಗ್‌ಗೂ ಸಮಸಂಖ್ಯೆಯೇ ಸಿಗುವಂತೆ ಒಳಗಿನ ಅಳತೆ ಆರಿಸಬೇಕೆಂದು ಪ್ರಬಂಧವೇ ಹೇಳುತ್ತದೆ. ಈಗ ಹಲವರು ಕನ್ವಲ್ಯೂಷನ್‌ಗೆ ಪ್ಯಾಡಿಂಗ್ ಕೊಟ್ಟು ಯು-ನೆಟ್ ಬರೆಯುತ್ತಾರೆ. ಆಗ 512 ಸರಿಹೋಗುತ್ತದೆ, ಏಕೆಂದರೆ ನಾಲ್ಕು ಸಲ ಅರ್ಧವಾಗಲು 16ರ ಗುಣಕವಾದರೆ ಸಾಕು. 500 ಕೊಟ್ಟರೆ 250, 125, 62, 31 ಎಂದು ಇಳಿದು, ಹತ್ತುವಾಗ 62, 124 ಎಂದು ಬಂದು, ಎಡಗಡೆ ಕಾದಿರುವ 125ಕ್ಕೆ ಜೋಡಿಯಾಗದೆ ನಿಲ್ಲುತ್ತದೆ. ಇಳಿಯುವಾಗ ಬಿಟ್ಟ ಅರ್ಧವನ್ನು ಹತ್ತುವಾಗ ಕೇಳುತ್ತಾರೆ.

ಕೊನೆಯ ಮಾತು

ಈ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಮಾತು ಧೈರ್ಯವಾಗಿ ಹೇಳಬಹುದು. ಅಳತೆ, ಕಿಟಕಿ, ಹೆಜ್ಜೆ, ಪ್ಯಾಡಿಂಗ್ ಈ ನಾಲ್ಕನ್ನೂ ಪೂರ್ತಿ ಬರೆದ ಚಿತ್ರ ಅಪರೂಪ. ಮೂರಿದ್ದರೆ ನಾಲ್ಕನೆಯದನ್ನು ಹೆಚ್ಚುಕಡಿಮೆ ಹುಡುಕಿಕೊಳ್ಳಬಹುದು. ಎರಡೇ ಇದ್ದರೆ ಊಹೆ. ಅನುಮಾನ ಬಂದಾಗ ಚಿತ್ರವನ್ನು ಇನ್ನಷ್ಟು ದಿಟ್ಟಿಸುವುದರಿಂದ ಪ್ರಯೋಜನವಿಲ್ಲ. ಸೊನ್ನೆಗಳನ್ನೇ ತುಂಬಿದ ಒಂದು ಟೆನ್ಸರನ್ನು ಜಾಲದೊಳಗೆ ಹಾಯಿಸಿ ಪ್ರತಿ ಹಂತದ ಆಕಾರ ಕೇಳಬೇಕು. ಪದರಗಳನ್ನು `nn.Sequential` ಒಳಗೆ ಸಾಲಾಗಿ ಇಟ್ಟಿದ್ದರೆ ನಾಲ್ಕೇ ಸಾಲು:

```python
x = torch.zeros(1, 1, 28, 28)
for layer in net:
    x = layer(x)
    print(type(layer).__name__, tuple(x.shape))
```

ಇಲ್ಲಿ ಬರುವ `(1, 64, 5, 5)` ಎಂಬುದರಲ್ಲಿ ಮೊದಲನೆಯದು ಚಿತ್ರಗಳ ಸಂಖ್ಯೆ, ಎರಡನೆಯದು ಹಾಳೆಗಳು, ಆಮೇಲೆ ಎತ್ತರ ಅಗಲ. ಕೆರಾಸ್‌ನಲ್ಲಿ ಹಾಳೆಗಳ ಸಂಖ್ಯೆ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ಮೊದಲ ಜಾಗದಲ್ಲಿ `None` ಇರುತ್ತದೆ. ಈ ಪಟ್ಟಿಯನ್ನು ಒಂದು ಕಾಗದದಲ್ಲಿ ಬರೆದುಕೊಂಡು ಚಿತ್ರದ ಪಕ್ಕದಲ್ಲಿಡಿ. ಎರಡೂ ಹೊಂದದ ಮೊದಲ ಸಾಲಿನಲ್ಲಿ ನಿಲ್ಲಿ. ಅಲ್ಲಿ ಒಂದು ಪೂಲಿಂಗ್ ಇದೆಯೇ, ಅದಕ್ಕೆ ಬೆಸಸಂಖ್ಯೆ ಸಿಕ್ಕಿದೆಯೇ ಎಂದು ಮೊದಲು ನೋಡಿ.